ಸೂಚನೆ: 2ನೇ ಶೆಡ್ಡಿನ ಚಾವಣಿ ಶೀಟ್ ಬದಲಾವಣೆ, ಪ್ರವೇಶ ನಿರ್ಬಂಧ ಮತ್ತು ಸುರಕ್ಷತಾ ನಿಯಮಗಳು

ದಿನಾಂಕ: 09-02-2026
ಎಲ್ಲ ಪಾಳಿಯ ಕಾರ್ಮಿಕರು, ಸೂಪರ್‌ವೈಸರ್‌ಗಳು, ಗುತ್ತಿಗೆ ಕೆಲಸಗಾರರು ಮತ್ತು ಸೆಕ್ಯುರಿಟಿಯವರ ಗಮನಕ್ಕೆ

2ನೇ ಶೆಡ್ಡಿನ ಹಳೆಯ ಆಸ್ಬೆಸ್ಟಾಸ್ ಸಿಮೆಂಟ್ ಶೀಟುಗಳನ್ನು ತೆಗೆದು ಕಲರ್ ಕೋಟೆಡ್ ಶೀಟು ಹಾಕಿಸಲಾಗುತ್ತಿದೆ. ಕೆಲಸ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ. ಭಾನುವಾರ ಇರುವುದಿಲ್ಲ.

ಪ್ರೆಸ್ ಶಾಪ್: ಫೆಬ್ರವರಿ 16ರಿಂದ 19
ಮೆಷಿನ್ ಶಾಪ್: 20ರಿಂದ 24
ಸ್ಟೋರ್ಸ್: 25ರಿಂದ 28

ಯಾವ ವಿಭಾಗದ ಮೇಲೆ ಕೆಲಸ ನಡೆಯುತ್ತಿದೆಯೋ ಅಲ್ಲಿನ ಮೊದಲ ಪಾಳಿಯವರು 1ನೇ ಶೆಡ್ಡಿನಲ್ಲಿ ಹಾಜರಾಗಬೇಕು. ಹಾಜರಿ, ಸಂಬಳದಲ್ಲಿ ವ್ಯತ್ಯಾಸವಿಲ್ಲ.

ಹೋಗಬಾರದ ಜಾಗಗಳು
ಬಿಚ್ಚುತ್ತಿರುವ ಚಾವಣಿಯ ಕೆಳಭಾಗ ಮತ್ತು ಸೂರಿನಂಚಿನಿಂದ ಹೊರಗೆ 3 ಮೀಟರ್‌ವರೆಗಿನ ಜಾಗಕ್ಕೆ ಕೆಂಪು-ಬಿಳಿ ಟೇಪ್ ಕಟ್ಟಲಾಗುತ್ತದೆ. ಹೆಲ್ಮೆಟ್ ಹಾಕಿದ್ದೇನೆ ಎಂದು ಟೇಪ್ ದಾಟಬೇಡಿ. ಮೇಲಿಂದ ಬೀಳುವ ಇಡೀ ಶೀಟನ್ನು ಹೆಲ್ಮೆಟ್ ತಡೆಯುವುದಿಲ್ಲ. 2ನೇ ಗೇಟಿನಿಂದ ಕ್ಯಾಂಟೀನ್‌ಗೆ ಹೋಗುವ ದಾರಿ 28ರವರೆಗೆ ಬಂದ್. ತುರ್ತು ಸಂದರ್ಭದಲ್ಲಿ ಸೇರುವ ಜಾಗ 1ನೇ ಗೇಟಿನ ಬೈಕ್ ಸ್ಟ್ಯಾಂಡ್ ಮುಂದೆ.

ಚಾವಣಿ ಹತ್ತುವುದು
ನಮ್ಮವರು ಯಾರೂ ಹತ್ತುವಂತಿಲ್ಲ. ಮೆಂಟೆನೆನ್ಸ್‌ನವರಿಗೂ ಇದು ಅನ್ವಯ, ಗಟರ್ ನೋಡಿಕೊಂಡು ಬರುವಷ್ಟು ಚಿಕ್ಕ ಕೆಲಸಕ್ಕೂ. ಹಳೆಯ ಸಿಮೆಂಟ್ ಶೀಟು ಬಿರುಕಿನ ಸುಳಿವೇ ಕೊಡದೆ ಕಾಲಡಿಯಲ್ಲಿ ಮುರಿಯುತ್ತದೆ. ಬೆಳಕಿಗೆಂದು ಹಾಕಿದ ಫೈಬರ್ ಶೀಟುಗಳು ಧೂಳು ಹಿಡಿದು ಸಿಮೆಂಟ್ ಶೀಟಿನಂತೆಯೇ ಕಾಣುತ್ತವೆ, ಇನ್ನೂ ಬೇಗ ಒಡೆಯುತ್ತವೆ. ಗುತ್ತಿಗೆದಾರರ ಕಡೆಯವರು ಆ ದಿನದ ಪರ್ಮಿಟ್, ಎರಡು ಹಗ್ಗದ ಫುಲ್ ಬಾಡಿ ಹಾರ್ನೆಸ್, ನಡೆಯಲು ಹಲಗೆ, ಕೆಳಗೆ ಬಲೆ, ಇವಿಷ್ಟೂ ಇದ್ದರಷ್ಟೇ ಹತ್ತಬಹುದು. ಗಾಳಿ ಜೋರಾದರೆ ಅಥವಾ ಮಳೆ ಬಂದರೆ ಕೆಲಸ ನಿಲ್ಲಿಸಿ, ಬಿಡಿ ಶೀಟುಗಳನ್ನು ಕಟ್ಟಿ ಕೆಳಗಿಳಿಯಬೇಕು.

ಕ್ರೇನ್, ಯಂತ್ರಗಳು
5 ಟನ್ ಇಒಟಿ ಕ್ರೇನ್‌ನ ಮೇನ್ ಐಸೊಲೇಟರ್ ಆಫ್ ಮಾಡಿ ಬೀಗ ಹಾಕಿರುತ್ತದೆ. ಮೇಲಿರುವವರೆಲ್ಲ ಇಳಿದಿದ್ದಾರೆಂದು ಎಲೆಕ್ಟ್ರಿಕಲ್ ಸೂಪರ್‌ವೈಸರ್ ಖಚಿತಪಡಿಸಿಕೊಂಡ ಮೇಲಷ್ಟೇ ತೆಗೆಯಬೇಕು. ಯಂತ್ರ, ಪ್ಯಾನಲ್‌ಗಳನ್ನು 7.45ರೊಳಗೆ ಆಫ್ ಮಾಡಿ ಟಾರ್ಪಾಲಿನ್ ಹೊದಿಸಿ. ಎರಡನೇ ಪಾಳಿಯವರು ಟಾರ್ಪಾಲಿನ್ ಪೂರ್ತಿ ತೆಗೆದೇ ಚಾಲೂ ಮಾಡಬೇಕು, ಇಲ್ಲವಾದರೆ ಮೋಟಾರ್ ಬಿಸಿಯಾಗಿ ಸುಡುತ್ತದೆ. ಸ್ಲೈಡ್‌ಗಳ ಮೇಲೆ ಸ್ಕ್ರೂ ಹೊಡೆದಾಗ ಉದುರಿದ ಕಬ್ಬಿಣದ ಚೂರು ಇದೆಯೇ ಎಂದು ಮೊದಲು ನೋಡಿ.

ಆಸ್ಬೆಸ್ಟಾಸ್ ಧೂಳು
ಈ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್ ಕಾಣಿಸಿಕೊಳ್ಳಲು ಹಲವು ವರ್ಷ ಹಿಡಿಯುತ್ತದೆ. ಆದ್ದರಿಂದ ಇವತ್ತು ಏನೂ ಆಗಲಿಲ್ಲ ಎಂದು ಅಸಡ್ಡೆ ಬೇಡ. ಶೀಟುಗಳಿಗೆ ನೀರು ಚಿಮುಕಿಸಿ ಇಡಿಯಾಗಿಯೇ ಇಳಿಸಬೇಕು. ಎಸೆಯುವುದು, ಗ್ರೈಂಡರ್‌ನಿಂದ ಕತ್ತರಿಸುವುದು ನಿಷಿದ್ಧ. ಬಿದ್ದ ಪುಡಿಯನ್ನು ಪೊರಕೆಯಿಂದ ಗುಡಿಸಬೇಡಿ, ಏರ್ ಗನ್‌ನಿಂದ ಊದಬೇಡಿ. ಪಿ100 ಅಥವಾ ಎಫ್‌ಎಫ್‌ಪಿ3 ಮಾಸ್ಕ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಹಳದಿ ಚೀಲಕ್ಕೆ ಹಾಕಿ. ಕರ್ಚೀಫ್ ಸಾಲದು.

ಹಳೆಯ ಶೀಟನ್ನು ಕೊಟ್ಟಿಗೆಗೆ, ಸ್ನಾನದ ಮನೆಗೆ ಬೇಕೆಂದು ಕೆಲವರು ಈಗಾಗಲೇ ಕೇಳಿದ್ದಾರೆ. ಒಂದು ತುಂಡೂ ಗೇಟಿನಿಂದಾಚೆ ಹೋಗುವಂತಿಲ್ಲ. ಎಲ್ಲವೂ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ವಿಲೇವಾರಿ ಸಂಸ್ಥೆಗೆ ಹೋಗುತ್ತದೆ.

ಅವಘಡವಾದರೆ
ಇಂಟರ್‌ಕಾಮ್ 214, ನಂತರ 108. ಯಾರಾದರೂ ಹಾರ್ನೆಸ್‌ನಲ್ಲಿ ನೇತಾಡುತ್ತಿದ್ದರೆ ಬಿದ್ದಿಲ್ಲವಲ್ಲ ಎಂದು ಸುಮ್ಮನಿರಬೇಡಿ. ಕಾಲಿನಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಕೂಡಲೇ ರಕ್ಷಣಾ ತಂಡವನ್ನು ಕರೆಯಿರಿ.

ನಿಯಮ ಮೀರಿದವರನ್ನು ಆ ಪಾಳಿಯ ಕೆಲಸದಿಂದ ಹೊರಗಿಡಲಾಗುವುದು. ಅನುಮಾನವಿದ್ದರೆ ಸುರಕ್ಷತಾ ಅಧಿಕಾರಿಯನ್ನು ಕೇಳಿ.

ಸಹಿ/-
ಕಾರ್ಖಾನೆ ವ್ಯವಸ್ಥಾಪಕರು