ಗುಡ್ಡೆಹಳ್ಳಿ, ಒಬ್ಬಳೇ

ಫೋಟೋದಲ್ಲಿ ಸಮುದ್ರ ಇಲ್ಲ, ಗೊತ್ತು. ಕಾರವಾರದ ಗುಡ್ಡೆಹಳ್ಳಿ ಗುಡ್ಡದ ತುದಿಗೆ ಹೋದವಳು ದರಕು, ಅಂದರೆ ಉದುರಿದ ಒಣ ಎಲೆ, ಮುಚ್ಚಿದ ಒಂದು ಇಳಿಜಾರಿನ ಫೋಟೋ ಹಾಕಿದ್ದಾಳೆ ಅಂತ ನಗಬೇಡಿ. ಅಲ್ಲೇ ನಾನು ಬಿದ್ದದ್ದು.

ಹಬ್ಬುವಾಡದಿಂದ ಹೊರಟಾಗ ಬೆಳಿಗ್ಗೆ ಆರೂಕಾಲು. ಜನವರಿ ಚಳಿ, ಅಂದರೆ ಕಾರವಾರದವರು ಚಳಿ ಅನ್ನುವಂಥದ್ದು. ಶಿರಸಿಯಲ್ಲಿ ಇದಕ್ಕೆ ಯಾರೂ ಸ್ವೆಟರ್ ತೆಗೆಯಲ್ಲ. ಹಿಂದಿನ ರಾತ್ರಿ ಫೋನಲ್ಲಿ ಆಯಿ ಕೇಳಿದ್ದಳು, "ಒಬ್ಬಳೇ ಎಂತಕ್ಕೆ ಹೋಗ್ತೆ?" ಸರಿಯಾದ ಉತ್ತರ ನನ್ನ ಹತ್ತಿರ ಇರಲಿಲ್ಲ. ಸುಮ್ನೆ, ಅಂದೆ.

ಕಾಡು ದಟ್ಟವಾದ ಮೇಲೆ ತಲೆ ಮೇಲಿಂದ ಒಂದು ಸದ್ದು. ಹುಸ್ಸ್, ಹುಸ್ಸ್. ಯಾರೋ ಖಾಲಿ ಗೋಣಿಚೀಲ ಬೀಸಿದ ಹಾಗೆ. ಹಾಗೇ ನಿಂತುಬಿಟ್ಟೆ. ಎದೆ ಹೊಡೆದುಕೊಳ್ಳುವುದು ಕಿವಿಗೆ ಕೇಳುತ್ತಿತ್ತು. ನೋಡಿದರೆ ಜೋಡಿ ಮಂಗಟ್ಟೆ ಹಕ್ಕಿ, ತಮ್ಮ ಪಾಡಿಗೆ ಹಾರಿ ಹೋಗುತ್ತಿವೆ. ರೆಕ್ಕೆಯಿಂದ ಅಷ್ಟು ಸದ್ದು ಬರುತ್ತೆ ಅಂತ ಓದಿದ್ದೆ, ಆದರೂ ಆ ಹೊತ್ತಿಗೆ ನೆನಪಾಗಬೇಕಲ್ಲ. ಸ್ವಲ್ಪ ಮುಂದೆ ಪೊದೆಯ ಆಚೆ ನಾಯಿ ಬೊಗಳಿದ ಹಾಗೆ ಒಂದೇ ಒಂದು ಸಲ. ಕಾಡಿನ ನಡುವೆ ನಾಯಿ ಎಲ್ಲಿಂದ? ಕಾಡುಕುರಿ. ಪಾಪ, ಅದೂ ನನ್ನನ್ನು ಕಂಡು ಹೆದರಿಯೇ ಕೂಗಿದ್ದು.

ಆಮೇಲೆ ಬೀಡಿ ವಾಸನೆ ಬಂತು. ಯಾರೂ ಕಾಣಲಿಲ್ಲ. ಆಗ ಆದ ಹೆದರಿಕೆಯೇ ಬೇರೆ ತರದ್ದು, ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಫೋನ್ ಕೈಯಲ್ಲಿ ಹಿಡಿದೆ. ನೆಟ್‌ವರ್ಕ್ ಒಂದು ಕಡ್ಡಿ. ಹಿಂದೆ ತಿರುಗದೆ ಬೇಗ ಬೇಗ ಹತ್ತಿದೆ. ಆ ಬೀಡಿ ಯಾರದ್ದು ಅಂತ ಇವತ್ತಿಗೂ ಗೊತ್ತಿಲ್ಲ. ಕಟ್ಟಿಗೆಗೆ ಬಂದ ಯಾವನೋ ಅಜ್ಜ ಇರಬೇಕು. ಚಿರತೆ ಬಗ್ಗೆ ಮಾತ್ರ ನಾನು ದಾರಿಯಲ್ಲಿ ಒಂದು ಸಲವೂ ಯೋಚಿಸಲಿಲ್ಲ.

ಇನ್ನು ಈ ಇಳಿಜಾರು. ಬೆಳಕು ಚೆನ್ನಾಗಿ ಬಂದಿತ್ತು, ಮರಗಳು ಕಡಿಮೆ, ಸದ್ದಿಲ್ಲ. ಅಬ್ಬಾ, ಪಾರಾದೆ ಅಂತ ನೀರಿನ ಬಾಟಲಿ ಮುಚ್ಚಳ ತಿರುಗಿಸುತ್ತಾ ನಡೆಯುತ್ತಿದ್ದೆ. ದರಕಿನ ಕೆಳಗೆ ಚಿರೇಕಲ್ಲಿನ ಚರಳು. ಕಾಲಿಟ್ಟರೆ ಗೋಲಿ ಮೇಲೆ ಇಟ್ಟ ಹಾಗೆ. ಎರಡು ಮಾರು ಜಾರಿ ಒಂದು ಬೇರಿಗೆ ಕೈ ಸಿಕ್ಕಿ ನಿಂತೆ. ಅಂಗೈ ಸುಲಿದು ಅದರಲ್ಲಿ ಕೆಂಪು ಮಣ್ಣು ಮೆತ್ತಿತ್ತು. ಬಾಟಲಿ ಕೆಳಗೆ ಎಲ್ಲೋ ಉರುಳುತ್ತಾ ಹೋಗಿದ್ದು ತುಂಬಾ ಹೊತ್ತು ಕೇಳಿಸಿತು. ಇಡೀ ದಾರಿಯಲ್ಲಿ ನಿಜಕ್ಕೂ ಹೆದರಬೇಕಾಗಿದ್ದ ಜಾಗ ಇದೊಂದೇ. ಇಲ್ಲೇ ನಾನು ಹಾಯಾಗಿದ್ದೆ.

ಕೂತುಕೊಂಡು ಅಂಗೈ ನೋಡುತ್ತಾ ಬಸ್ಸು ನೆನಪಾಯಿತು. ತಿಂಗಳಿಗೊಮ್ಮೆ ಊರಿಗೆ ಹೋಗುವಾಗ ಶಿರೂರು ದಾಟಬೇಕು. 2024ರ ಜುಲೈ 16ರಂದು ಗುಡ್ಡ ಹೆದ್ದಾರಿ ಮೇಲೆ ಬಿತ್ತಲ್ಲ, ಅದೇ ಶಿರೂರು. ಮೊದಲ ಸಲ ಅಲ್ಲಿ ದಾಟುವಾಗ ಉಸಿರು ಬಿಗಿ ಹಿಡಿದಿದ್ದೆ. ಈಗ ಅಂಕೋಲಾ ಬಿಟ್ಟ ಕೂಡಲೇ ಕಿಟಕಿಗೆ ತಲೆ ಆನಿಸಿದರೆ ಕುಮಟಾದಲ್ಲೇ ಎಚ್ಚರ. ಹಕ್ಕಿಯ ರೆಕ್ಕೆಗೆ ನಡುಗುವವಳು ಅಲ್ಲಿ ಗೊರಕೆ ಹೊಡೆಯುತ್ತೇನೆ. ನನ್ನ ಹೆದರಿಕೆ ಯಾವಾಗಲೂ ಪಕ್ಕದ ಮನೆ ಬಾಗಿಲನ್ನೇ ತಟ್ಟುತ್ತೆ, ಅಲ್ವಾ?

ಮೇಲಿನಿಂದ ಒಬ್ಬ ಹಾಲಕ್ಕಿ ಅಜ್ಜಿ ಇಳಿದು ಬಂದಳು. ಕತ್ತು ತುಂಬಾ ಕರಿಮಣಿ, ತಲೆ ಮೇಲೆ ಬುಟ್ಟಿ, ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ನನ್ನ ಕಾಲಲ್ಲಿ ನಾಲ್ಕು ಸಾವಿರದ ಶೂ. ಅಂಗೈ ನೋಡಿ, ಅಲ್ಲೇ ಯಾವುದೋ ಸೊಪ್ಪು ಹರಿದು ಉಜ್ಜಿ ಹಚ್ಚಿದಳು. ಉರಿ ಹತ್ತಿತು. "ದಿನಾ ಈ ದಾರಿಯಲ್ಲಿ ಓಡಾಡ್ತೀರಲ್ಲ, ಹೆದರಿಕೆ ಆಗಲ್ವಾ ಅಜ್ಜಿ?" ಅಂತ ಕೇಳಿದೆ.

"ಮಳೆಗಾಲದಲ್ಲಿ ಯಾರಿಗಾದ್ರೂ ಹುಷಾರಿಲ್ದೆ ಹೋದ್ರೆ ಜೋಲಿ ಕಟ್ಟಿ ಹೊತ್ಕಂಡು ಇಳೂಕೆ ಬೇಕು. ಆವಾಗ ಆಗ್ತದೆ."

ಅಷ್ಟೇ ಹೇಳಿ ಬುಟ್ಟಿ ಸರಿ ಮಾಡಿಕೊಂಡು ಇಳಿದು ಹೋದಳು. ಆ ಚರಳಿನ ಮೇಲೆ ಅವಳು ಕಾಲು ಇಡುವ ರೀತಿ ನೋಡಿದೆ. ಹಿಮ್ಮಡಿ ಮೊದಲು ಊರುತ್ತಿರಲಿಲ್ಲ, ಇಡೀ ಪಾದ ಒಟ್ಟಿಗೆ, ಸ್ವಲ್ಪ ಅಡ್ಡಕ್ಕೆ.

ತುದಿ ಚೆನ್ನಾಗಿದೆ. ಕಾಳಿ ನದಿ, ಕಡಲು, ಎಲ್ಲ ಇದೆ. ಬೇರೆಯವರ ಫೋಟೋ ಬೇಕಾದಷ್ಟಿವೆ, ನೋಡಿಕೊಳ್ಳಿ. ನಾನು ಅಲ್ಲಿ ಹತ್ತು ನಿಮಿಷ ಕೂತೆ, ಒಂದು ಬಾಳೆಹಣ್ಣು ತಿಂದೆ, ಇಳಿಯುವುದು ಹೇಗೆ ಅಂತಲೇ ಯೋಚಿಸಿದೆ.

ಇಳಿಯುವಾಗ ಈ ಜಾಗದಲ್ಲಿ ಅಜ್ಜಿಯ ಹಾಗೆ ನಾಲ್ಕು ಹೆಜ್ಜೆ ಇಟ್ಟು ನೋಡಿದೆ. ಕಾಲು ಗಡಗಡ ನಡುಗಿತು. ಆಮೇಲೆ ಮರ್ಯಾದೆ ಬಿಟ್ಟು ಕೂತು, ಜಾರುತ್ತಾ ಇಳಿದೆ. ಪ್ಯಾಂಟ್ ಎರಡು ಸಲ ಒಗೆದಾಯಿತು. ಕೆಂಪು ಇನ್ನೂ ಹೋಗಿಲ್ಲ.

#ಗುಡ್ಡೆಹಳ್ಳಿ #ಕಾರವಾರ #ಒಬ್ಬಳೇ_ಚಾರಣ #ದರಕು