ಸಪ್ಲೈಯರ್ ಆಯ್ಕೆಯ ಸ್ಕೋರ್‌ಕಾರ್ಡ್: ಕೋಳಿ, ಪನೀರ್, ತರಕಾರಿ

ಎಚ್‌ಎಸ್‌ಆರ್ ಲೇಔಟ್ ಕಿಚನ್. ಬಳಸುವವರು: ಪರ್ಚೇಸ್, ಸ್ಟೋರ್, ಹೆಡ್ ಶೆಫ್

ಸ್ಯಾಂಪಲ್ ತರುವ ದಿನ ಎಲ್ಲರ ಮಾಲೂ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಸ್ಯಾಂಪಲ್‌ಗೆ ಇಲ್ಲಿ ಅಂಕವಿಲ್ಲ. ಹೊಸಬರಿಂದ 20 ಡೆಲಿವರಿ ತರಿಸಿ, ಸ್ಟೋರ್ ಬಾಗಿಲಲ್ಲಿ ಬರೆದಿಟ್ಟ ರಿಜಿಸ್ಟರ್ ನೋಡಿಯೇ ಅಂಕ ಹಾಕಬೇಕು. ರಿಜಿಸ್ಟರ್‌ನಲ್ಲಿ ಇಲ್ಲದ್ದು ನಡೆದೇ ಇಲ್ಲವೆಂದು ಲೆಕ್ಕ.

ಮೊದಲ ಬಾಗಿಲು (ಅಂಕವಿಲ್ಲ, ಒಂದು ತಪ್ಪಿದರೂ ಮುಂದಕ್ಕಿಲ್ಲ)

ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರನ್ನು ಫಾಸ್ಕೋಸ್ ಪೋರ್ಟಲ್‌ನಲ್ಲಿ ಹಾಕಿ ಹೆಸರು, ವಿಳಾಸ, ಅವಧಿ ಹೊಂದುತ್ತವೆಯೇ ನೋಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೋಟೊ ಸಾಲದು. ಬಿಲ್ಲಿನ ಮೇಲೂ ಅದೇ ನಂಬರ್ ಇರಬೇಕು. ಕೋಳಿ ಕತ್ತರಿಸುವ ಜಾಗಕ್ಕೆ ಹೇಳದೆ ಒಮ್ಮೆ ಹೋಗಿಬನ್ನಿ. ಒಳಗೆ ಬಿಡದಿದ್ದರೆ ಅದೇ ಉತ್ತರ. ಮಸಾಲೆ ಹಚ್ಚಿದ ಕಬಾಬ್ ಪೀಸ್ ಕೊಡುವವರು ಬಣ್ಣ ಹಾಕಿಲ್ಲವೆಂದು ಬರೆದುಕೊಡಲಿ: ಕಬಾಬ್‌ಗೆ ಕೃತಕ ಬಣ್ಣ ಬಳಸುವುದನ್ನು ರಾಜ್ಯ ಸರ್ಕಾರ 2024ರ ಜೂನ್‌ನಲ್ಲೇ ನಿಷೇಧಿಸಿದೆ. ಸಿಕ್ಕಿಬಿದ್ದರೆ ಕೇಸು ನಮ್ಮ ಕಿಚನ್ ಮೇಲೂ ಬರುತ್ತದೆ.

ಗುಣಮಟ್ಟ: 40

ತಾಪಮಾನ, 20 ಅಂಕ. ಕ್ರೇಟಿನ ಮೇಲಿನ ಪೀಸ್ ಅಲ್ಲ, ನಡುವಿನ ಪೀಸಿಗೆ ಪ್ರೋಬ್ ಚುಚ್ಚಿ. ಕೋಳಿ, ಪನೀರ್ ಎರಡಕ್ಕೂ 5 ಡಿಗ್ರಿ ಮೀರಿದರೆ ಗಾಡಿ ವಾಪಸು. ‘ಈಗಷ್ಟೇ ಕಟ್ ಮಾಡಿದ್ದು ಸಾರ್’ ಎಂಬ ಮಾತಿಗೆ ರಿಯಾಯಿತಿ ಇಲ್ಲ. ಸರಿಯಾಗಿ ಬಂದ ಒಂದೊಂದು ಡೆಲಿವರಿಗೆ ಒಂದೊಂದು ಅಂಕ.

ತೂಕ, 10 ಅಂಕ. ಕೋಳಿಯನ್ನು ತೂತಿನ ಟ್ರೇಯಲ್ಲಿ ಹತ್ತು ನಿಮಿಷ ಸೋರಲು ಬಿಟ್ಟು ತೂಗಿ. ಶೇ 3ಕ್ಕಿಂತ ಹೆಚ್ಚು ಇಳಿದರೆ ಆ ದಿನದ ಅರ್ಧ ಅಂಕ ಹೋಯಿತು, ಇಳಿದ ತೂಕ ಬಿಲ್ಲಿನಲ್ಲೂ ಕಡಿತ. ನೀರಿಗೆ ಕೋಳಿಯ ರೇಟು ಕೊಡಬೇಕಿಲ್ಲ. ತರಕಾರಿಗೆ ಇದೇ ಜಾಗದಲ್ಲಿ ಆರಿಸಿ ಬಿಸಾಡಿದ್ದರ ತೂಕ ಬರೆಯಿರಿ. ಮಳೆಗಾಲದ ಟೊಮೆಟೊಗೆ ಸ್ವಲ್ಪ ಸಡಿಲ ಇರಲಿ, ಈರುಳ್ಳಿಗೆ ಬೇಡ.

ಶೆಫ್ ತೀರ್ಪು, 10 ಅಂಕ. ವಾಸನೆ, ಪೀಸಿನ ಅಳತೆ, ಬೆಂದ ಮೇಲಿನ ಹದ. ಪನೀರ್ ಆದರೆ ವಾರಕ್ಕೊಮ್ಮೆ, ಯಾವ ದಿನವೆಂದು ಹೇಳದೆ, ಒಂದು ತುಂಡು ನೀರಲ್ಲಿ ಕುದಿಸಿ ಆರಿಸಿ ಅಯೋಡಿನ್ ಹನಿ ಬಿಡಿ. ನೀಲಿಯಾದರೆ ಪಿಷ್ಟ ಸೇರಿದೆ. ಅಲ್ಲಿಗೆ ಸ್ಕೋರ್‌ಕಾರ್ಡ್ ಮುಚ್ಚಿಬಿಡಿ.

ಡೆಲಿವರಿ: 40

ಸ್ಲಾಟ್ ಬೆಳಿಗ್ಗೆ 6.30ರಿಂದ 7.15. ಹೊತ್ತಿಗೆ ಸರಿಯಾಗಿ, ಆರ್ಡರ್ ಮಾಡಿದಷ್ಟೂ, ವಾಪಸು ಕಳಿಸುವಂಥದ್ದೇನೂ ಇಲ್ಲದೆ: ಮೂರೂ ಕೂಡಿದರೆ 2 ಅಂಕ, ಇಲ್ಲದಿದ್ದರೆ ಸೊನ್ನೆ. ಒಂದು ಅಂಕ ಎಂಬುದಿಲ್ಲ. 40 ಕೆಜಿ ಕೇಳಿದಲ್ಲಿ 30 ಕೆಜಿ ಹೊತ್ತಿಗೆ ಬಂದರೂ ಮಧ್ಯಾಹ್ನ ಒಂದೂವರೆಗೆ ಆ್ಯಪ್‌ನಲ್ಲಿ ಬಿರಿಯಾನಿ ಆಫ್ ಮಾಡುವವರು ನಾವೇ. ಬಿಸಿಯಾಗಿ ಬಂದ ಕೋಳಿಗೆ ಹೀಗೆ ಗುಣಮಟ್ಟದಲ್ಲೂ ಡೆಲಿವರಿಯಲ್ಲೂ ಅಂಕ ಹೋಗುತ್ತದೆ. ಬೇಕೆಂದೇ ಹಾಗಿಟ್ಟಿದ್ದೇವೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ಕಾರಣವಲ್ಲ. ಅದು ನಿನ್ನೆಯೂ ಇತ್ತು.

ತೊಂದರೆಯಾದಾಗ: 12. ತಡವಾಗುತ್ತದೆಂದು 6ಕ್ಕೇ ಫೋನ್ ಮಾಡಿದರೇ, ವಾಪಸು ಕಳಿಸಿದ ಮಾಲಿಗೆ ಎರಡು ಗಂಟೆಯೊಳಗೆ ಬದಲಿ ಕೊಟ್ಟರೇ, ಕ್ರೆಡಿಟ್ ನೋಟ್ ಕೇಳದೆ ಬಂತೇ: ತಲಾ 4.

ರೇಟು: 8. ಅತಿ ಕಡಿಮೆಯವರಿಗೆ 8. ಅವರಿಗಿಂತ ಪ್ರತಿ ಶೇ 2 ಹೆಚ್ಚಿಗೆ ಒಂದು ಅಂಕ ಕಡಿಮೆ.

ಈ ಸಲದ ಫಲಿತಾಂಶ: ಕೋಳಿ

| | ಬೊಮ್ಮನಹಳ್ಳಿಯವರು | ಶಿವಾಜಿನಗರದವರು |
|---|---|---|
| ತಾಪಮಾನ (20) | 19 | 16 |
| ತೂಕ (10) | 8 | 10 |
| ಶೆಫ್ (10) | 7 | 9 |
| ಡೆಲಿವರಿ (40) | 36 | 26 |
| ತೊಂದರೆಯಾದಾಗ (12) | 9 | 6 |
| ರೇಟು (8) | 5 | 8 |
| ಒಟ್ಟು (100) | 84 | 75 |

80 ಅಥವಾ ಹೆಚ್ಚು ಬಂದವರು ಮುಖ್ಯ ಸಪ್ಲೈಯರ್, 65ರಿಂದ 79 ಬ್ಯಾಕಪ್, ಅದಕ್ಕಿಂತ ಕೆಳಗಿನವರು ಬೇಡ. ಗುಣಮಟ್ಟ ಅಥವಾ ಡೆಲಿವರಿ 28ಕ್ಕಿಂತ ಕೆಳಗಿದ್ದರೆ ಒಟ್ಟು ಎಷ್ಟೇ ಇರಲಿ, ಮುಖ್ಯ ಸಪ್ಲೈಯರ್ ಆಗುವಂತಿಲ್ಲ.

ಶಿವಾಜಿನಗರದ ಕೋಳಿಯೇ ರುಚಿ ಎಂದು ಶೆಫ್ ವಾದಿಸಿದರು. ಮಾತು ನಿಜ. ಆದರೆ 20ರಲ್ಲಿ 7 ಡೆಲಿವರಿ ಕೆಟ್ಟಿವೆ, ಅದರಲ್ಲಿ 4 ತಾಪಮಾನದಿಂದ. ಅವರದು ಐಸ್ ಹಾಕಿದ ತೆರೆದ ಟೆಂಪೊ. ಇನ್ಸುಲೇಟೆಡ್ ಬಾಕ್ಸ್ ತಂದರೆ ಮತ್ತೆ 20 ಡೆಲಿವರಿ ನೋಡೋಣ.

ತೀರ್ಮಾನ: ಆರ್ಡರಿನ ಮುಕ್ಕಾಲು ಪಾಲು ಬೊಮ್ಮನಹಳ್ಳಿಗೆ, ಕಾಲು ಪಾಲು ಶಿವಾಜಿನಗರಕ್ಕೆ, ಪ್ರತಿ ವಾರ ತಪ್ಪದೆ. ವ್ಯಾಪಾರ ಕೊಡದ ಬ್ಯಾಕಪ್ ಭಾನುವಾರ ಬೆಳಿಗ್ಗೆ ಫೋನ್ ಎತ್ತುವುದಿಲ್ಲ. ಇಬ್ಬರಿಗೂ ಪೇಮೆಂಟ್ ಸೋಮವಾರ. ನಾವು ತಡಮಾಡಿದ ವಾರ ‘ತೊಂದರೆಯಾದಾಗ’ ವಿಭಾಗದಲ್ಲಿ ಅವರ ಅಂಕ ಕಡಿಯುವಂತಿಲ್ಲ. ಅಂಕಪಟ್ಟಿಯ ಒಂದು ನಕಲು ಸಪ್ಲೈಯರ್‌ಗೂ ತಿಂಗಳ ಮೊದಲ ವಾರ ಹೋಗಬೇಕು. ಎರಡು ತಿಂಗಳು ಸತತ 80ರ ಕೆಳಗಿಳಿದರೆ ಬೊಮ್ಮನಹಳ್ಳಿಯವರೂ ಬ್ಯಾಕಪ್‌ಗೆ ಇಳಿಯುತ್ತಾರೆ.