ವಿಷಯ: ಫೆಬ್ರುವರಿ 9ರಿಂದ 20ರವರೆಗೆ ನನ್ನ ರಜೆ – ಬ್ಯಾಡಗಿ ಆಫೀಸಿನ ಬಾಕಿ ಕೆಲಸ ಮತ್ತು ಯಾರನ್ನು ಕೇಳಬೇಕು

ಸವಿತಕ್ಕ, ನಮಸ್ಕಾರ.

ಹೆಡ್ ಆಫೀಸಿಗೆ ಇಂಗ್ಲಿಷಿನಲ್ಲಿ ಕಳಿಸಿದ ಮೇಲ್ ನಿಮಗೂ ಬಂದಿರುತ್ತದೆ. ಅದನ್ನೇ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಅಲ್ಲಿ ಒಂದೊಂದು ಸಾಲಿನಲ್ಲಿ ಮುಗಿಸಿದ್ದನ್ನು ಸ್ವಲ್ಪ ಬಿಡಿಸಿ. ಬಸಣ್ಣನೂ ಗೋಡೌನಿನವರೂ ಇದನ್ನು ಓದಬೇಕು, ಹಾಗಾಗಿ ಒಂದು ಪ್ರಿಂಟ್ ತೆಗೆದು ಕೌಂಟರ್ ಮೇಲೆ ಇಡಿ.

ಸೋಮವಾರ 9ರಿಂದ ನಾನು ಇರಲ್ಲ. ಅಪ್ಪನ ಮೊಣಕಾಲಿನ ಆಪರೇಷನ್ ಹುಬ್ಬಳ್ಳಿಯಲ್ಲಿದೆ. 23ನೇ ತಾರೀಖು ಸೋಮವಾರ ಕೆಲಸಕ್ಕೆ ಬರುತ್ತೇನೆ. ಸೀಸನ್ ಜೋರಾಗಿರುವಾಗಲೇ ನಿಮ್ಮ ಮೇಲೆ ಹಾಕಿ ಹೋಗುತ್ತಿದ್ದೇನೆ, ನೀವು ಒಪ್ಪಿದ್ದಕ್ಕೆ ನಿಜವಾಗಿಯೂ ಮನಸ್ಸಿಗೆ ಸಮಾಧಾನ ಆಗಿದೆ.

ಮೊದಲು ನೋಡಬೇಕಾದದ್ದು: ದಲಾಲಿ ಅಂಗಡಿಗಳ ಬಿಲ್ಲು

ಗುರುವಾರ 5ರ ಮೆಣಸಿನಕಾಯಿ ಖರೀದಿಯ 3 ಬಿಲ್ಲು ಬಾಕಿ ಇವೆ, ಹಸಿರು ಫೈಲಿನಲ್ಲಿ ಮೇಲೇ ಇಟ್ಟಿದ್ದೇನೆ. ಎರಡು ಚೆಕ್ ಆಗಿವೆ, ಸೋಮವಾರ ಬೆಳಿಗ್ಗೆಯೇ ದುಡ್ಡು ಹಾಕಿಬಿಡಿ. ಮೂರನೆಯದರಲ್ಲಿ ತೂಕ ಹೊಂದುತ್ತಿಲ್ಲ, ಒಂದು ಚೀಲ ನಾವು ವಾಪಸ್ ಕಳಿಸಿದ್ದೆವು, ಬಿಲ್ಲಿನಲ್ಲಿ ಅದೂ ಸೇರಿದೆ. ಆ ಅಂಗಡಿಯ ಗುಮಾಸ್ತರಿಗೆ ಹೇಳಿದ್ದೇನೆ, ತಿದ್ದಿದ ಬಿಲ್ಲು ಮಂಗಳವಾರದೊಳಗೆ ಕೊಡುತ್ತಾರೆ. ಬಂದ ದಿನವೇ ಪಾಸ್ ಮಾಡಿ. ನಾವು ದಲಾಲರಿಗೆ ತಡ ಮಾಡಿದರೆ ಅವರು ರೈತರಿಗೆ ತಡ ಮಾಡುತ್ತಾರೆ. ದೂರದ ಊರಿಂದ ಗಾಡಿ ಬಾಡಿಗೆ ಕೊಟ್ಟು ಕಾಯಿ ತಂದವರು ಅಂಗಡಿ ಕಟ್ಟೆ ಮೇಲೆ ಕಾಯುತ್ತಾ ಕೂರಬೇಕಾಗುತ್ತದೆ. ಉಳಿದ ಯಾವ ಕೆಲಸ ಒಂದು ದಿನ ಹಿಂದೆ ಬಿದ್ದರೂ ನಡೆಯುತ್ತದೆ, ಇದು ಬೀಳಬಾರದು.

ಕೊಚ್ಚಿಗೆ ಹೋಗುವ ಲೋಡು

160 ಚೀಲ, ಎಲ್ಲ ಡಬ್ಬಿ. ಬಣ್ಣ ತೆಗೆಯುವ ಫ್ಯಾಕ್ಟರಿಗೆ. ಸ್ಯಾಂಪಲ್ ಕೊರಿಯರ್‌ನಲ್ಲಿ ಹೋಗಿದೆ, ಬಣ್ಣದ ರಿಪೋರ್ಟ್ ಬುಧವಾರ ಬರಬೇಕು. ಅವರು ಮೇಲ್‌ನಲ್ಲಿ ಒಪ್ಪಿಗೆ ಕೊಟ್ಟ ಮೇಲೆಯೇ ಲಾರಿ ತುಂಬಿಸಿ, ಫೋನಿನಲ್ಲಿ ಹೂಂ ಅಂದರೆ ಸಾಲದು.

ಬಿಲ್ಲಿನಲ್ಲಿ ಎಚ್‌ಎಸ್‌ಎನ್ 0904, ಹೊರರಾಜ್ಯ ಆದ್ದರಿಂದ ಐಜಿಎಸ್‌ಟಿ 5%. ಇ-ವೇ ಬಿಲ್ಲನ್ನು ewaybillgst.gov.in ನಲ್ಲಿ ತೆಗೆಯಬೇಕು, ಓಟಿಪಿ ಸಾಹುಕಾರರ ಫೋನಿಗೆ ಹೋಗುತ್ತದೆ. ಬೆಳಿಗ್ಗೆ ಪೂಜೆಯ ಹೊತ್ತಿನಲ್ಲಿ ಅವರು ಫೋನ್ ಎತ್ತಲ್ಲ, ಹಾಗಾಗಿ 10 ಗಂಟೆ ಆದ ಮೇಲೆ ಕೂತರೆ ಒಳ್ಳೆಯದು. 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಅವಧಿ ಸಿಗುತ್ತದೆ. ದಾರಿಯಲ್ಲಿ ಲಾರಿ ಕೆಟ್ಟು ಬೇರೆ ಗಾಡಿಗೆ ಮಾಲು ಹಾಕಿದರೆ ಪಾರ್ಟ್ ಬಿ ನಲ್ಲಿ ಹೊಸ ಗಾಡಿ ನಂಬರ್ ಹಾಕಲೇಬೇಕು, ಇದನ್ನು ಡ್ರೈವರ್‌ಗೂ ಮೊದಲೇ ಹೇಳಿಡಿ. ಅವಧಿ ಮುಗಿಯುವ 8 ಗಂಟೆ ಮುಂಚೆ ಅಥವಾ ಮುಗಿದ 8 ಗಂಟೆಯೊಳಗೆ ವಿಸ್ತರಿಸಬಹುದು, ಅದು ದಾಟಿದರೆ ಆಗಲ್ಲ. ಬಿಲ್ಲೇ ತಪ್ಪಾಗಿದ್ದರೆ ತೆಗೆದ 24 ಗಂಟೆಯೊಳಗೆ ಕ್ಯಾನ್ಸಲ್ ಮಾಡಿ ಹೊಸದು ತೆಗೆಯಿರಿ.

ಕೋಲ್ಡ್ ಸ್ಟೋರೇಜ್ ಬಾಡಿಗೆ

ಅವರ ಬಿಲ್ಲಿನಲ್ಲಿ 421 ಚೀಲ, ನಮ್ಮ ರಿಜಿಸ್ಟರಿನಲ್ಲಿ 412. ಜನವರಿ ಕೊನೆಗೆ 9 ಚೀಲ ಹೊರಗೆ ತೆಗೆದಿದ್ದೆವು, ಅದರ ಗೇಟ್‌ಪಾಸ್ ಫೈಲಿನಲ್ಲಿದೆ. ಅದನ್ನು ತೋರಿಸಿ ಬಿಲ್ಲು ಸರಿ ಮಾಡಿಸಿ, ಅಲ್ಲಿವರೆಗೆ ದುಡ್ಡು ಕೊಡಬೇಡಿ. ಜಗಳದ ವಿಷಯ ಏನಲ್ಲ, ಅವರೂ ಒಪ್ಪಿದ್ದಾರೆ.

ಜಿಎಸ್‌ಟಿ

ಜನವರಿ ತಿಂಗಳ ಜಿಎಸ್‌ಟಿಆರ್-1 ಫೆಬ್ರುವರಿ 11ಕ್ಕೆ, 3ಬಿ 20ಕ್ಕೆ. ಮಾರಾಟದ ಪಟ್ಟಿ ಆಡಿಟರ್ ಆಫೀಸಿಗೆ ಇವತ್ತೇ ಕಳಿಸಿದ್ದೇನೆ. ಖರೀದಿ ಪಟ್ಟಿಯನ್ನು 13ರೊಳಗೆ ನೀವು ಕಳಿಸಿ. ಶೀಟ್ ತಯಾರಿದೆ, ಮೇಲಿನ 3 ಬಿಲ್ಲುಗಳನ್ನು ಅದರಲ್ಲಿ ಸೇರಿಸಬೇಡಿ, ಅವು ಫೆಬ್ರುವರಿಯವು.

ಮಾರುಕಟ್ಟೆ ದಿನ

ಸೋಮವಾರ, ಗುರುವಾರ. ಟೆಂಡರ್ ಹಾಕುವುದು, ರಾಶಿ ನೋಡುವುದು ಬಸಣ್ಣನ ಕೆಲಸ, ನೀವು ಅದಕ್ಕೆ ಕೈ ಹಾಕಬೇಕಾಗಿಲ್ಲ. ಆದರೆ ಮಾಲು ಗೋಡೌನಿಗೆ ಬಂದಾಗ ಒಂದು ಸಲ ನೀವೇ ಹೋಗಿ ನಿಲ್ಲಿ. ಮೀಟರಿನಲ್ಲಿ ತೇವಾಂಶ 12 ದಾಟಿದ ಚೀಲವನ್ನು ಬೇರೆ ಇಡುವುದು ನಮ್ಮ ಪದ್ಧತಿ. ಮೀಟರ್ ಚುಚ್ಚುವುದು ಮೇಲಿನ ಕಾಯಿಗೆ ಮಾತ್ರ, ಅದಕ್ಕೇ ಚೀಲದ ನಡುವಿಗೆ ಕೈ ಇಳಿಸಿ ಒಂದು ಹಿಡಿ ತೆಗೆದು ನೋಡಿ. ಒಣಗಿದ ಕಾಯಿ ಕಿವಿ ಹತ್ತಿರ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನುತ್ತದೆ, ಮಡಚಿದರೆ ಮುರಿಯುತ್ತದೆ. ಹಸಿ ಇದ್ದದ್ದು ಸದ್ದು ಮಾಡಲ್ಲ, ಸುಮ್ನೆ ಬಾಗುತ್ತದೆ. ಅಂಥದ್ದು ಒಂದೇ ಚೀಲ ಒಳಗೆ ಸೇರಿದರೂ ಬೂಸ್ಟು ಬಂದು ಪಕ್ಕದ ಚೀಲಗಳನ್ನೂ ಹಾಳು ಮಾಡುತ್ತದೆ. ಡಬ್ಬಿ ಮತ್ತು ಕಡ್ಡಿ ಬೆರೆಯದ ಹಾಗೆ ನೋಡಿಕೊಳ್ಳಿ. ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ತೆಳ್ಳಗೆ, ಮೈತುಂಬ ಸುಕ್ಕು. ಒಂದು ದಿನ ನೋಡಿದರೆ ನಿಮಗೇ ಗೊತ್ತಾಗುತ್ತದೆ.

15ನೇ ತಾರೀಖು ಭಾನುವಾರ ಶಿವರಾತ್ರಿ. ಮರುದಿನ ಮಾರುಕಟ್ಟೆ ನಡೆಯುತ್ತದೋ ಇಲ್ಲವೋ ಎಪಿಎಂಸಿಯಲ್ಲಿ ಶುಕ್ರವಾರವೇ ಕೇಳಿಕೊಳ್ಳಿ.

ಹಮಾಲರ ಕೂಲಿ ಶನಿವಾರ ಸಂಜೆ ಕೊಡುವುದು ರೂಢಿ. ಈ ಸಲ 14ರಂದು ಬೆಳಿಗ್ಗೆಯೇ ಕೊಟ್ಟುಬಿಡಿ, ಹಬ್ಬಕ್ಕೆ ಸಂತೆ ಮಾಡಬೇಕಲ್ವಾ ಅವರೂ. ಶುಕ್ರವಾರ ಬ್ಯಾಂಕಿನಿಂದ ನಗದು ತೆಗೆಸಿಡಿ, ಎರಡನೇ ಶನಿವಾರ ಬ್ಯಾಂಕ್ ಇರಲ್ಲ. ದುರುಗಪ್ಪ 2,000 ಮುಂಗಡ ಕೇಳಿದ್ದಾನೆ, ಸಾಹುಕಾರರು ಒಪ್ಪಿದ್ದಾರೆ. ಅವನು ಮತ್ತೆ ಬಾಯಿಬಿಟ್ಟು ಕೇಳಲ್ಲ, ನೀವೇ ಕರೆದು ಕೊಡಿ.

ಯಾರಿಗೆ ಏನು ಕೇಳಬೇಕು

ನಂಬರುಗಳೆಲ್ಲ ಆಫೀಸ್ ಮೊಬೈಲಿನಲ್ಲಿವೆ, ಇದೇ ಹೆಸರಿನಲ್ಲಿ ಸೇವ್ ಮಾಡಿದ್ದೇನೆ.

- ಬಸಣ್ಣ ಗೋಡೌನ್: ಟೆಂಡರ್, ಮಾಲು, ಹಮಾಲರು, ಆಫೀಸ್ ಕೀಲಿ. ಬೆಳಿಗ್ಗೆ 8ರಿಂದ ಇರುತ್ತಾರೆ.
- ಮಂಜುಳಾ ಆಡಿಟರ್ ಆಫೀಸ್: ಜಿಎಸ್‌ಟಿ. ಫೋನಿಗಿಂತ ಮೇಲ್ ಹಾಕಿದರೆ ಬೇಗ ಉತ್ತರ ಬರುತ್ತದೆ.
- ಇಮಾಮ್ ಭಾಯ್ ಲಾರಿ: ಗಾಡಿ, ಬಾಡಿಗೆ, ಡ್ರೈವರ್. ಒಂದು ದಿನ ಮೊದಲು ಹೇಳಿದರೆ ಗಾಡಿ ಕಳಿಸುತ್ತಾರೆ.
- ಕೋಲ್ಡ್ ಸ್ಟೋರ್ ಮ್ಯಾನೇಜರ್: ಚೀಲ ಒಳಗೆ ಹಾಕುವುದು, ತೆಗೆಯುವುದು, ಬಾಡಿಗೆ ಬಿಲ್ಲು.
- ಕೊಚ್ಚಿ ಪರ್ಚೇಸ್: ಸ್ಯಾಂಪಲ್ ಮತ್ತು ಲೋಡು. ಅವರಿಗೆ ಕನ್ನಡ ಬರಲ್ಲ, ಇಂಗ್ಲಿಷ್ ಇಲ್ಲವೇ ಹಿಂದಿ.
- ಜಿಎಸ್‌ಟಿ ಸಹಾಯವಾಣಿ: 1800-103-4786.
- ಸಾಹುಕಾರರು: 50,000ಕ್ಕಿಂತ ಜಾಸ್ತಿ ಯಾವ ಪಾವತಿ ಇದ್ದರೂ ಅವರಿಗೆ ಹೇಳಿಯೇ ಮಾಡಿ. ಬಾಕಿ ಬಿಲ್ಲುಗಳಲ್ಲಿ ಚೆಕ್ ಆದ ಎರಡಕ್ಕೆ ಈಗಾಗಲೇ ಕೇಳಿದ್ದೇನೆ.

ಪಾಸ್‌ವರ್ಡ್‌ಗಳನ್ನು ಮೇಲ್‌ನಲ್ಲಿ ಬರೆದಿಲ್ಲ. ಮುಚ್ಚಿದ ಲಕೋಟೆ ಬಸಣ್ಣನ ಹತ್ತಿರ ಇದೆ, ಕೀಲಿಯ ಜೊತೆ ಕೇಳಿ ಇಸಿದುಕೊಳ್ಳಿ.

ಆಪರೇಷನ್ ಮಂಗಳವಾರ 10ಕ್ಕೆ, ಅವತ್ತು ಮಾತ್ರ ನನಗೆ ಫೋನ್ ಮಾಡಬೇಡಿ. ಉಳಿದ ದಿನ ಸಂಜೆ 6ರ ನಂತರ ಯಾವಾಗ ಬೇಕಾದರೂ ಮಾಡಿ, ಸಣ್ಣ ವಿಷಯಕ್ಕೂ ಮಾಡಿ, ಸಂಕೋಚ ಬೇಡ. ಇದರಲ್ಲಿ ಏನಾದರೂ ಅರ್ಥ ಆಗದಿದ್ದರೆ ನಾಳೆ ಶನಿವಾರ ಮಧ್ಯಾಹ್ನದವರೆಗೆ ನಾನು ಆಫೀಸಿನಲ್ಲೇ ಇರುತ್ತೇನೆ.

ವೀರೇಶ
ಬ್ಯಾಡಗಿ, 6 ಫೆಬ್ರುವರಿ 2026